ಮೊದಲ 5,000 ಎಲ್ಲಿಂದ ಬರಬೇಕು, ಎಲ್ಲಿ ಇರಬೇಕು: ಆಫೀಸಿನ ಮಾತುಕತೆಯ ಟಿಪ್ಪಣಿ

ಗುರುವಾರ ಊಟದ ನಂತರ ನಮ್ಮ ಆಫೀಸಿನಲ್ಲಿ ಅಕೌಂಟ್ಸ್ ವಿಭಾಗದ ಮೇಡಂ ತುರ್ತು ಉಳಿತಾಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಶಿಫ್ಟ್ ಇದ್ದವರು ಬರಲಿಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆದಿಲ್ಲ, ನನಗೆ ಹೊಸದು ಅನ್ನಿಸಿದ್ದನ್ನು ಮಾತ್ರ ಬಿಡಿಸಿ ಬರೆದಿದ್ದೇನೆ.

ಮೂರು ತಿಂಗಳ ಖರ್ಚನ್ನು ಎತ್ತಿಡಬೇಕು ಅಂತ ಎಲ್ಲರೂ ಹೇಳುತ್ತಾರಲ್ವಾ, ಮೇಡಂ ಅಲ್ಲಿಂದ ಶುರು ಮಾಡಲಿಲ್ಲ. 22,000 ಸಂಬಳದ ಒಂದು ಮನೆ ಅಂದುಕೊಳ್ಳಿ ಅಂದರು. ಬಾಡಿಗೆ 6,500, ದಿನಸಿ ತರಕಾರಿ ಹಾಲು 4,500, ಮಗುವಿನ ಸ್ಕೂಲ್ ವ್ಯಾನು 1,800, ಗ್ಯಾಸು ಕರೆಂಟು 1,200, ಫೋನು 500, ಬೈಕ್ ಸಾಲದ ಕಂತು 2,000. ಕೂಡಿದರೆ 16,500, ಮೂರು ತಿಂಗಳಿಗೆ 49,500. ತಿಂಗಳಿಗೆ 500 ಎತ್ತಿಡುವವರು ಆ ಮೊತ್ತ ನೋಡಿದರೆ ಪುಸ್ತಕ ಮುಚ್ಚಿಬಿಡುತ್ತಾರೆ. ಎಂಟು ವರ್ಷದ ಲೆಕ್ಕ ಅದು.

ಅದಕ್ಕೆ ಬದಲು ಕಳೆದ ವರ್ಷ ನಿಮ್ಮ ಮನೆಗೆ ಹೇಳದೆ ಕೇಳದೆ ಬಂದ ಖರ್ಚುಗಳನ್ನು ಬರೆಯಿರಿ ಅಂದರು. ಫೋನಿನಲ್ಲಿ ಯುಪಿಐ ಪಟ್ಟಿ ಹಿಂದಕ್ಕೆ ಸರಿಸುತ್ತಾ ಹೋದರೆ ನೆನಪಾಗುತ್ತವೆ. ಅವರ ಉದಾಹರಣೆಯ ಮನೆಯಲ್ಲಿ ನಾಲ್ಕು ಇದ್ದವು: ಬೈಕಿನ ಕ್ಲಚ್ ಪ್ಲೇಟ್ 2,800, ಮಗುವಿಗೆ ಜ್ವರ ಬಂದಾಗ ರಕ್ತ ಪರೀಕ್ಷೆ ಮತ್ತು ಔಷಧಿ 3,400, ಊರಲ್ಲಿ ಸಾವಾಯಿತು ಅಂತ ರಾತ್ರೋರಾತ್ರಿ ಹೋಗಿಬಂದದ್ದು 2,200, ಫ್ರಿಜ್ ರಿಪೇರಿ 1,900. ಒಟ್ಟು 10,300.

ಈ ಪಟ್ಟಿಯಿಂದ ಎರಡು ವಿಷಯ ತಿಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಏಟು 3,400. ಅಂದರೆ 5,000 ಕೈಯಲ್ಲಿದ್ದರೆ ಅದರಲ್ಲಿ ಯಾವ ಒಂದು ಬಂದರೂ ಯಾರ ಹತ್ತಿರವೂ ಸಾಲ ಕೇಳಬೇಕಾಗಿಲ್ಲ. ಮೊದಲ ಗುರಿ ಅಷ್ಟೇ ಸಾಕು. ಎರಡನೆಯದು ನನಗೆ ನಿಜವಾಗಿ ಹೊಸದು. 10,300 ಅನ್ನು 12ರಿಂದ ಭಾಗಿಸಿದರೆ ಸುಮಾರು 860. ತಿಂಗಳಿಗೆ 500 ಇಟ್ಟರೆ ವರ್ಷಕ್ಕೆ 6,000 ಆಗುತ್ತದೆ, ಆದರೆ ಹೊರಗೆ ಹೋಗುವುದು 10,300. ಹಾಗಾಗಿ ಎಷ್ಟು ನಿಯಮವಾಗಿ ಇಟ್ಟರೂ ಡಬ್ಬ ಖಾಲಿಯೇ ಇರುತ್ತದೆ, ಆಮೇಲೆ 'ನನ್ನ ಕೈಲಿ ಉಳಿಸೋಕೆ ಆಗಲ್ಲ' ಅಂತ ಜನ ಬಿಟ್ಟುಬಿಡುತ್ತಾರೆ. ತಪ್ಪು ಅವರದ್ದಲ್ಲ, ಮೊತ್ತ ಸಾಲದು ಅಷ್ಟೇ. 860 ಆಗದಿದ್ದರೆ 500ರಿಂದಲೇ ಶುರು ಮಾಡಿ, ಉಳಿದ 4,300 ಅನ್ನು ದೀಪಾವಳಿ ಬೋನಸ್ ಬಂದ ದಿನವೇ ಪಕ್ಕಕ್ಕೆ ಹಾಕಿ ಅಂದರು.

ನಾಲ್ಕನೇ ತಿಂಗಳಿಗೇ ಕ್ಲಚ್ ಹೋದರೆ? ಆಗ ಇರುವುದು 2,000, ಬೇಕಿರುವುದು 2,800. ಪೂರ್ತಿ ತೆಗೆದುಬಿಡಿ, ಸಾಲ 800 ಮಾತ್ರ ಆಗುತ್ತದೆ. ಖಾಲಿಯಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ಇದ್ದದ್ದೇ ಅದಕ್ಕೆ. ಮುಂದಿನ ತಿಂಗಳು ಮತ್ತೆ 500. ಆದರೆ ತಾರೀಖು ಮೊದಲೇ ಗೊತ್ತಿರುವ ಖರ್ಚನ್ನು ಇದರಿಂದ ತೆಗೆಯಬಾರದು. ಸ್ಕೂಲ್ ಫೀಸು, ಗಾಡಿ ಇನ್ಶೂರೆನ್ಸ್, ಗೌರಿ ಹಬ್ಬದ ಸೀರೆ ಇವೆಲ್ಲ ಪ್ರತಿ ವರ್ಷ ಬರುವಂಥವು, ಅವಕ್ಕೆ ಬೇರೆ ಲೆಕ್ಕ ಇಡಿ.

ಇನ್ನು ದುಡ್ಡು ಎಲ್ಲಿಡಬೇಕು ಅನ್ನೋದು. ಸಂಬಳದ ಖಾತೆಯಲ್ಲಿ ಬೇಡ. ಅಲ್ಲಿದ್ದರೆ ಬ್ಯಾಲೆನ್ಸ್ ನೋಡಿದಾಗೆಲ್ಲ ಖರ್ಚಿಗೆ ಇದೆ ಅನ್ನಿಸುತ್ತದೆ, ಸಾಲದ ಕಂತು ಕೂಡ ಅಲ್ಲಿಂದಲೇ ಕತ್ತರಿಸಿಕೊಳ್ಳುತ್ತದೆ. ಬೇರೆ ಉಳಿತಾಯ ಖಾತೆ ತೆರೆದು ಅದನ್ನು ಯುಪಿಐಗೆ ಸೇರಿಸದೆ ಎಟಿಎಂ ಕಾರ್ಡ್ ಮಾತ್ರ ಮನೆಯಲ್ಲಿಡಿ. ಖಾತೆ ತೆರೆಯುವಾಗ ಕನಿಷ್ಠ ಬ್ಯಾಲೆನ್ಸ್ ಎಷ್ಟು ಅಂತ ಕೇಳಲೇಬೇಕು, ಯಾಕೆಂದರೆ ಖಾಲಿಯಾಗುವುದೇ ಈ ಖಾತೆಯ ಕೆಲಸ, ಖಾಲಿಯಾದಾಗೆಲ್ಲ ದಂಡ ಬಿದ್ದರೆ ಉಪಯೋಗವಿಲ್ಲ. ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲಭೂತ ಉಳಿತಾಯ ಖಾತೆ ಬ್ಯಾಂಕುಗಳಲ್ಲಿ ಇದೆ, ಬಾಯಿಬಿಟ್ಟು ಕೇಳಬೇಕು. ಪೋಸ್ಟ್ ಆಫೀಸ್ ಉಳಿತಾಯ ಖಾತೆಯೂ ಆಗುತ್ತದೆ, ಅಲ್ಲಿ 500 ಇರಬೇಕು.

ಪೋಸ್ಟ್ ಆಫೀಸಿನ ಆರ್‌ಡಿ ಮಾತ್ರ ಮೊದಲ 5,000ಕ್ಕೆ ಸರಿಹೋಗಲ್ಲ. ತಿಂಗಳಿಗೆ 100ರಿಂದ ಕಟ್ಟಬಹುದು ಅನ್ನೋದು ನಿಜ. ಆದರೆ ಅದು 5 ವರ್ಷದ್ದು. ಮೂರು ವರ್ಷ ಆಗುವವರೆಗೆ ಮುಚ್ಚೋಕೆ ಬಿಡಲ್ಲ. ಒಂದು ವರ್ಷ ಕಟ್ಟಿದ ಮೇಲೆ ಇರುವ ಮೊತ್ತದ ಅರ್ಧದವರೆಗೆ ಸಾಲ ಸಿಗುತ್ತದೆ, ಅಷ್ಟೇ. ಜ್ವರ ಐದನೇ ತಿಂಗಳಿಗೆ ಬಂದರೆ ಏನು ಮಾಡೋದು?

ಆಗ ಸ್ಟೋರ್ಸ್‌ನಲ್ಲಿರುವ ಅಣ್ಣ ಒಬ್ಬರು, 'ಮೇಡಂ, ನಾನು ಚೀಟಿ ಹಾಕಿದೀನಿ, ಅದು ಸಾಲದಾ?' ಅಂದರು. ಮೇಡಂ ತಮ್ಮದೇ ಕಥೆ ಹೇಳಿದರು. 20 ಜನ, ತಿಂಗಳಿಗೆ 2,500, ಚೀಟಿ 50,000ದ್ದು. ನಾಲ್ಕನೇ ತಿಂಗಳಲ್ಲಿ ತಾಯಿಗೆ ಆಪರೇಷನ್ ಅಂದಾಗ ಚೀಟಿ ಕೂಗೋಕೆ ಇನ್ನೂ 18 ದಿನ ಇತ್ತು. ಆಸ್ಪತ್ರೆಯಲ್ಲಿ ಅಡ್ವಾನ್ಸ್ ಅವತ್ತೇ ಕಟ್ಟಬೇಕಿತ್ತು. ಬಳೆ ಗಿರವಿ ಇಟ್ಟರು. ಆಮೇಲೆ ಚೀಟಿ ಕೂಗುವ ದಿನ ಇನ್ನಿಬ್ಬರಿಗೂ ಅರ್ಜೆಂಟ್ ಇದ್ದದ್ದರಿಂದ 12,000 ಬಿಟ್ಟು ಎತ್ತಬೇಕಾಯಿತು, ಕೈಗೆ ಬಂದದ್ದು 38,000. 'ಅಣ್ಣಾ, ಚೀಟಿ ಬೇಡ ಅಂತಿಲ್ಲ, ಮದುವೆಗೋ ಸೈಟಿಗೋ ಹಾಕಿ. ಆದರೆ ಅದಕ್ಕೊಂದು ತಾರೀಖು ಇರುತ್ತೆ, ಆಸ್ಪತ್ರೆಗೆ ಇರಲ್ಲ' ಅಂದರು. ಹೇಳುವಾಗ ಕೈಯಲ್ಲಿದ್ದ ಅದೇ ಬಳೆಗಳನ್ನು ಒಂದು ಸಲ ಮೇಲಕ್ಕೆ ಸರಿಸಿಕೊಂಡರು.

5,000 ದಾಟಿದ ಮೇಲೆ ಬರುವ ಹಣವನ್ನು ಎಫ್‌ಡಿಗೆ ಹಾಕಬಹುದು. ಒಂದೇ 10,000ದ ಎಫ್‌ಡಿ ಬೇಡ, 5,000ದ ಎರಡು ಮಾಡಿಸಿ. ಬೇಕಾದಾಗ ಒಂದನ್ನು ಮಾತ್ರ ಮುರಿಸಿದರೆ ಇನ್ನೊಂದು ಹಾಗೇ ಬೆಳೆಯುತ್ತದೆ. ಮುರಿಸಿದರೆ ಅಸಲು ಕಡಿಮೆಯಾಗಲ್ಲ. ಎಷ್ಟು ದಿನ ಇಟ್ಟಿರೋ ಅಷ್ಟು ದಿನದ ದರದಲ್ಲಿ ಬಡ್ಡಿ ಕೊಡುತ್ತಾರೆ, ಅದರಲ್ಲೂ ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಕಡಿಮೆ. 5,000ಕ್ಕೆ ಆರು ತಿಂಗಳಿಗೆ ಶೇ 6ರಂತೆ 150 ಬರಬೇಕಿದ್ದರೆ ಶೇ 5ರಂತೆ 125 ಬರುತ್ತದೆ. ಹೋದದ್ದು 25 ರೂಪಾಯಿ. ಈ ಲೆಕ್ಕ ನೋಡುವ ಮುಂಚೆ ಎಫ್‌ಡಿ ಮುರಿಸಿದರೆ ದೊಡ್ಡ ನಷ್ಟ ಅಂತಲೇ ನಾನು ಅಂದುಕೊಂಡಿದ್ದೆ.

ಕೊನೆಗೆ ಹೇಳಿದ್ದು ತಾರೀಖಿನ ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಪ್ರತಿ ತಿಂಗಳು ತಾನಾಗಿ 500 ಬೇರೆ ಖಾತೆಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಬಹುದು. ಸಂಬಳ ಬಂದ ಮರುದಿನವೇ ಹಾಕಿ ಅಂತ ಎಲ್ಲ ಕಡೆ ಓದುತ್ತೇವೆ. ಆದರೆ ಸಾಲದ ಕಂತು 5ನೇ ತಾರೀಖಿಗೆ ಇದ್ದು, 2ಕ್ಕೇ 500 ಹೋಗಿ, 5ಕ್ಕೆ 200 ರೂಪಾಯಿ ಕಡಿಮೆ ಬಿದ್ದರೆ ಕಂತು ಬೌನ್ಸ್ ಆಗುತ್ತದೆ. ಬ್ಯಾಂಕಿನವರೂ ಸಾಲ ಕೊಟ್ಟವರೂ ಇಬ್ಬರೂ ಚಾರ್ಜ್ ಹಾಕುತ್ತಾರೆ, ಒಂದು ತಿಂಗಳ ಉಳಿತಾಯ ಅದಕ್ಕೇ ಹೋಗಿಬಿಡುತ್ತದೆ. ಕಂತು ಇರುವವರು ಕಂತು ಕಟ್ಟಿದ ಎರಡು ದಿನದ ನಂತರದ ತಾರೀಖು ಕೊಡಿ.

ಮನೆಗೆ ಹೋಗಿ ನಾನೂ ಪಟ್ಟಿ ಬರೆದೆ. ಕಳೆದ ವರ್ಷದ್ದು ಐದು ಖರ್ಚು, ಒಟ್ಟು 8,700, ದೊಡ್ಡದು ಅಪ್ಪನ ಕನ್ನಡಕ ಮತ್ತು ಕಣ್ಣಿನ ಪರೀಕ್ಷೆ 3,100. ತಿಂಗಳಿಗೆ 725 ಆಗುತ್ತದೆ. ನನ್ನ ಕಂತು 5ಕ್ಕೆ, ಹಾಗಾಗಿ ತಾರೀಖು 7 ಅಂತ ಬರೆದು ಬ್ಯಾಂಕಿನಲ್ಲಿ ಫಾರಂ ಕೊಟ್ಟು ಬಂದೆ. ಸದ್ಯಕ್ಕೆ 600 ಹಾಕಿದ್ದೇನೆ, ಉಳಿದ 1,500 ಬೋನಸ್‌ನಿಂದ.