ಥೈರಾಯ್ಡ್ ಮಾತ್ರೆ ತಗೊಂಡರೆ ತೂಕ, ಕೊಲೆಸ್ಟ್ರಾಲ್ ಎರಡೂ ಇಳಿಯುತ್ತಾ?

ಪ್ರಶ್ನೆ: ನನಗೆ 38 ವರ್ಷ. ಮೂರು ವರ್ಷದಲ್ಲಿ ತೂಕ 12 ಕೆ.ಜಿ. ಜಾಸ್ತಿಯಾಗಿದೆ. ಟಿಎಸ್‌ಎಚ್ 7.8, ಫ್ರೀ ಟಿ4 ನಾರ್ಮಲ್, ಎಲ್‌ಡಿಎಲ್ 160. ಎಲ್ಲಾ ಥೈರಾಯ್ಡ್‌ನಿಂದಲೇ ಅಂತಾರೆ ಮನೆಯವರು. ಮಾತ್ರೆ ಶುರು ಮಾಡಿದರೆ ಎರಡೂ ಸರಿಹೋಗುತ್ತಾ?

ಉತ್ತರ: ತೂಕದ ವಿಷಯದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕೊಲೆಸ್ಟ್ರಾಲ್ ಕತೆ ಬೇರೆ.

ಥೈರಾಯ್ಡ್ ಹಾರ್ಮೋನ್ ತೀರಾ ಕಡಿಮೆಯಾದಾಗಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ. ಅಷ್ಟೇ. ಅದರಲ್ಲೂ ಹೆಚ್ಚಿನದು ಕೊಬ್ಬಲ್ಲ, ದೇಹ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು. ಮುಖ, ಕಣ್ಣಿನ ಸುತ್ತ ಊದಿಕೊಳ್ಳುವುದು ಇದರಿಂದಲೇ. ಮಾತ್ರೆ ಶುರುವಾದ ಮೇಲೆ ಮುಖ್ಯವಾಗಿ ಇಳಿಯುವುದೂ ಈ ನೀರೇ. ಟಿಎಸ್‌ಎಚ್ ಅನ್ನುವುದು ಹಾರ್ಮೋನ್ ತಯಾರಿಸು ಅಂತ ಮೆದುಳಿನ ಬುಡದ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ಸಂಕೇತ, ಹಾರ್ಮೋನ್ ಕಮ್ಮಿಯಾದರೆ ಅದು ಏರುತ್ತದೆ. ನಿಮಗಂತೂ ಫ್ರೀ ಟಿ4 ನಾರ್ಮಲ್ ಇದೆ, ಅಂದರೆ ರಕ್ತದಲ್ಲಿ ಹಾರ್ಮೋನ್ ಇನ್ನೂ ಸಾಕಷ್ಟಿದೆ. ಹೀಗಿರುವಾಗ 12 ಕೆ.ಜಿ.ಯನ್ನು ಥೈರಾಯ್ಡ್ ತಲೆಗೆ ಕಟ್ಟುವುದು ಸರಿಯಲ್ಲ. ಎಷ್ಟೋ ಸಲ ಆಗುವುದು ಉಲ್ಟಾ: ದಪ್ಪಗಾದವರಲ್ಲಿ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಏರುತ್ತದೆ, ತೂಕ ಇಳಿದರೆ ಅದೂ ಇಳಿಯುತ್ತದೆ.

ಕೊಲೆಸ್ಟ್ರಾಲ್ ಮೇಲಿನ ಪರಿಣಾಮ ಮಾತ್ರ ನಿಜ. ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ ಅನ್ನುವುದೇ ನನಗೆ ಬೇಸರ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ಲಿವರ್ ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಹಿಡಿಯಲು ಅದರ ಜೀವಕೋಶಗಳ ಮೇಲೆ ರಿಸೆಪ್ಟರ್‌ಗಳಿರುತ್ತವೆ. ಅವು ಸಾಕಷ್ಟು ತಯಾರಾಗಬೇಕಾದರೆ ಥೈರಾಯ್ಡ್ ಹಾರ್ಮೋನ್ ಬೇಕು. ಹಾರ್ಮೋನ್ ಕಮ್ಮಿಯಾದರೆ ರಿಸೆಪ್ಟರ್ ಕಮ್ಮಿ, ಎಲ್‌ಡಿಎಲ್ ರಕ್ತದಲ್ಲೇ ಉಳಿದುಬಿಡುತ್ತದೆ. ತುಪ್ಪ, ಎಣ್ಣೆ ಮುಟ್ಟದವರಿಗೂ ಹೀಗಾಗಬಹುದು. ಟಿಎಸ್‌ಎಚ್ 60 ಇದ್ದು ಟಿ4 ಕುಸಿದವರಲ್ಲಿ ಲೆವೊಥೈರಾಕ್ಸಿನ್ ಅನ್ನುವ ಥೈರಾಯ್ಡ್ ಮಾತ್ರೆಯೊಂದರಿಂದಲೇ ಎಲ್‌ಡಿಎಲ್ ಚೆನ್ನಾಗಿ ಇಳಿಯುವುದುಂಟು. 7.8ರಲ್ಲಿ ಇಳಿತ ಸಣ್ಣದು. 160 ಇದ್ದದ್ದು 100ಕ್ಕೆ ಬರುತ್ತದೆ ಅಂತ ಕಾಯಬೇಡಿ.

ಮೊದಲು ಎರಡು-ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಮತ್ತೊಮ್ಮೆ ಮಾಡಿಸಿ, ಜೊತೆಗೆ ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯಾ ಅಂತ ಸುಳಿವು ಕೊಡುವ ಟಿಪಿಒ ಆಂಟಿಬಾಡಿಯನ್ನೂ ನೋಡಿಸಿ. ಈ ಮಟ್ಟದ ಟಿಎಸ್‌ಎಚ್ ಎಷ್ಟೋ ಜನರಲ್ಲಿ ತಾನೇ ನಾರ್ಮಲ್‌ಗೆ ಬರುತ್ತದೆ. ಡಾಕ್ಟರ್ ಮಾತ್ರೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಳ್ಳಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್. ಅದು ನಾರ್ಮಲ್ ಆದ ಮೇಲೂ ಎಲ್‌ಡಿಎಲ್ ಇಳಿಯದಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗಬಹುದು.

ತೂಕ ಇಳಿಸಲೆಂದು ಡೋಸ್ ಮಾತ್ರ ನೀವೇ ಏರಿಸಿಕೊಳ್ಳಬೇಡಿ. ಜಾಸ್ತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.