ಒಂದೇ ಅನುವಾದ ಮೂವರಿಗೂ ಯಾಕೆ ಹೊಂದೋದಿಲ್ಲ?

ಪ್ರಶ್ನೆ: ನಮ್ಮ ತಂದೆಗೆ ಜೂನ್ 8ರಂದು ಕಣ್ಣಿನ ಪೊರೆಯ ಆಪರೇಷನ್ ಆಯ್ತು. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಕೊಟ್ಟ ಸೂಚನೆಯನ್ನು ಕನ್ನಡಕ್ಕೆ ಅನುವಾದಿಸಿ, ಅದನ್ನೇ ಮೂರು ಕಡೆ ಬಳಸಿದೆ. ಆರು ವರ್ಷದ ಮಗಳಿಗೆ ಓದಿ ಹೇಳಿದೆ. ಅಪ್ಪನ ಅಂಗಡಿಯ ಪಾಲುದಾರರಿಗೆ ಕಳಿಸಿದೆ. ಜೂನ್ 18ರ ಜಮೀನಿನ ಅಳತೆ ಮುಂದೂಡಿ ಎಂದು ಸರ್ವೆ ಕಚೇರಿಗೂ ಕೊಟ್ಟೆ. ಮಗಳು "ಪೊರೆ" ಎಂಬ ಮಾತಿಗೆ ಹೆದರಿದಳು, ಪಾಲುದಾರರು ತಪ್ಪು ತಿಳಿದರು, ಕಚೇರಿಯ ಗುಮಾಸ್ತರು ವಾಪಸ್ ಕೊಟ್ಟರು. ಅನುವಾದದಲ್ಲಿ ತಪ್ಪಿದೆಯಾ?

ಉತ್ತರ: ನೀವು ಕಳಿಸಿದ ಅನುವಾದವನ್ನು ಮೊದಲು ಇಲ್ಲಿ ಕೊಡುತ್ತೇನೆ.

"ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಎರಡು ವಾರ ಕಣ್ಣಿಗೆ ನೀರು ಪ್ರವೇಶಿಸುವುದನ್ನು ತಪ್ಪಿಸಬೇಕು. ಒಂದು ವಾರದ ನಂತರ ರೋಗಿಯು ಲಘು ಕೆಲಸವನ್ನು ಪುನರಾರಂಭಿಸಬಹುದು. ನಾಲ್ಕು ವಾರ ಭಾರ ಎತ್ತುವುದನ್ನು ಹಾಗೂ ಧೂಳಿನ ಸ್ಥಳಗಳನ್ನು ತಪ್ಪಿಸಬೇಕು. ನೋವು, ಕೆಂಪಾಗುವಿಕೆ ಅಥವಾ ದೃಷ್ಟಿ ಮಂದವಾದಲ್ಲಿ ತಕ್ಷಣ ಸಂಪರ್ಕಿಸಿ."

ಅರ್ಥದಲ್ಲಿ ತಪ್ಪಿಲ್ಲ. ಆದರೆ ಇದು ಡಾಕ್ಟರು ರೋಗಿಗೆ ಹೇಳಿದ ಮಾತು. ನಿಮ್ಮ ಮೂವರು ಓದುಗರಲ್ಲಿ ಒಬ್ಬರೂ ರೋಗಿಯಲ್ಲ. ಇದನ್ನು ಓದಿ ತಾವೇನು ಮಾಡಬೇಕು ಅನ್ನೋದು ಅವರಿಗೆ ಇದರಲ್ಲಿ ಸಿಗೋದಿಲ್ಲ. ತಿರುಗಿ ಬರೆಯುವಾಗ ಕಷ್ಟದ ಪದ ತೆಗೆದು ಸುಲಭದ ಪದ ಹಾಕಿದರೆ ಸಾಕು ಅಂದುಕೊಳ್ಳುತ್ತೇವೆ, ಅಲ್ವಾ? ಪದ ಆಮೇಲಿನ ಮಾತು. ಈ ಓದುಗ ಏನು ಮಾಡಬೇಕು, ಅದಕ್ಕೆ ಸೂಚನೆಯ ಯಾವ ಸಾಲು ಬೇಕು ಅನ್ನೋದನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ಮೊದಲು ಪಾಲುದಾರರ ವಿಷಯ ನೋಡೋಣ, ಯಾಕಂದ್ರೆ ಅಲ್ಲಿ ಎಡವಿದ್ದು ಒಂದೇ ಒಂದು ಪ್ರತ್ಯಯದಿಂದ. "ಪುನರಾರಂಭಿಸಬಹುದು" ಅಂದಾಗ ಡಾಕ್ಟರು ಕೊಟ್ಟಿದ್ದು ಅನುಮತಿ. ಕನ್ನಡದ "ಬಹುದು" ಅನುಮತಿಗೂ ಆಗುತ್ತದೆ, ಅಂದಾಜಿಗೂ ಆಗುತ್ತದೆ. "ಒಳಗೆ ಬರಬಹುದು" ಅಂದರೆ ಅನುಮತಿ, "ಮಳೆ ಬರಬಹುದು" ಅಂದರೆ ಅಂದಾಜು. ಪಾಲುದಾರರು ಓದಿದ್ದು ಎರಡನೆಯ ಅರ್ಥದಲ್ಲಿ. ಒಂದು ವಾರ ಆದಮೇಲೆ ಬಂದರೂ ಬಂದಾರು ಅಂದುಕೊಂಡು ಸುಮ್ಮನಾದರು. ಮೂಟೆ ಇಳಿಸೋಕೆ ಆಳು ಗೊತ್ತು ಮಾಡಲೇ ಇಲ್ಲ. ಅವರಿಗೆ ಬೇಕಿದ್ದದ್ದು ಇಷ್ಟು:

"ಶೆಟ್ರೇ, ನಮಸ್ಕಾರ. ಅಪ್ಪನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಜೂನ್ 15ರಿಂದ ಅಂಗಡಿಗೆ ಬಂದು ಗಲ್ಲಾದಲ್ಲಿ ಕೂರುತ್ತಾರೆ. ಜುಲೈ 5ರವರೆಗೆ ಭಾರ ಎತ್ತುವಂತಿಲ್ಲ, ಗೋದಾಮಿನ ಧೂಳಿಗೂ ಹೋಗುವಂತಿಲ್ಲ. ಅಲ್ಲಿಯವರೆಗೆ ಲೋಡ್ ಇಳಿಸೋಕೆ ಒಬ್ಬ ಆಳು ಬೇಕಾಗುತ್ತೆ. ನೀವು ನೋಡ್ತೀರಾ, ನಾವು ಹುಡುಕಬೇಕಾ, ತಿಳಿಸಿ."

ಅಪ್ಪ 15ಕ್ಕೆ ಬರೋದು ಖಚಿತ ಅಂತ ನೀವು ಅವರನ್ನು ಕೇಳಿ ತಿಳಿದುಕೊಂಡ ಮೇಲೆಯೇ "ಕೂರುತ್ತಾರೆ" ಅಂತ ಬರೆಯಿರಿ. ಡಾಕ್ಟರ ಕಾಗದದಲ್ಲಿ ಆ ಭರವಸೆ ಇಲ್ಲ. ನೀರು, ನೋವು, ಕೆಂಪು ಕಣ್ಣಿನ ಸಾಲುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅವು ಮನೆಯವರಿಗೆ ಸೇರಿದ್ದು.

ಇನ್ನು ಸರ್ವೆ ಕಚೇರಿ. ಗುಮಾಸ್ತರ ಮುಂದೆ ಇರುವುದು ಒಂದು ಕಡತ. ಈ ಕಾಗದ ಯಾವ ಕಡತಕ್ಕೆ ಸೇರಬೇಕು, ಏನು ಕೋರಿಕೆ, ಎಲ್ಲಿಯವರೆಗೆ, ಏನು ಆಧಾರ ಅಂತ ಅವರು ನೋಡುತ್ತಾರೆ. ನೀವು ಕೊಟ್ಟ ಹಾಳೆಯಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ವಾಪಸ್ ಕೊಟ್ಟದ್ದು ಸಹಜವೇ.

ದಿನಗಳ ಲೆಕ್ಕದಲ್ಲೂ ಒಂದು ತೊಡಕಿದೆ. ನಾವು ಮಾತಾಡುವಾಗ ಒಂದು ವಾರಕ್ಕೆ "ಎಂಟು ದಿನ" ಅಂತೀವಿ, ಎರಡು ವಾರಕ್ಕೆ "ಹದಿನೈದು ದಿನ" ಅಂತೀವಿ. ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅರ್ಜಿಯಲ್ಲಿ ಹಾಗೆ ಬರೆದರೆ ಹದಿನೈದು ಅಂದರೆ ಹದಿನೈದೇ, ಡಾಕ್ಟರ ಸರ್ಟಿಫಿಕೇಟಿನ ಹದಿನಾಲ್ಕರ ಜೊತೆ ತಾಳೆಯಾಗೋದಿಲ್ಲ. "ನಾಲ್ಕು ವಾರ" ಅಂತ ಬರೆದರೂ ಎಂದಿನಿಂದ ಅನ್ನೋ ಪ್ರಶ್ನೆ ಉಳಿಯುತ್ತದೆ. ಜೂನ್ 8ನ್ನೂ ಸೇರಿಸಿ ಎಣಿಸಿದರೆ 28ನೇ ದಿನ ಜುಲೈ 5. ಆ ತಾರೀಖನ್ನೇ ಬರೆಯಿರಿ.

"ವಿಷಯ: ಸರ್ವೆ ನಂ. ____ ಜಮೀನಿನ ಹದ್ದುಬಸ್ತು ಅಳತೆಯ ದಿನಾಂಕವನ್ನು ಮುಂದೂಡುವ ಬಗ್ಗೆ.
ಉಲ್ಲೇಖ: ತಮ್ಮ ಕಚೇರಿಯ ನೋಟಿಸ್ ಸಂಖ್ಯೆ ____, ದಿನಾಂಕ ____.
ಮಾನ್ಯರೇ, ಉಲ್ಲೇಖಿತ ನೋಟಿಸಿನಲ್ಲಿ ಜೂನ್ 18ರಂದು ಅಳತೆಗೆ ಹಾಜರಿರಲು ತಿಳಿಸಿರುತ್ತೀರಿ. ನನಗೆ ಜೂನ್ 8ರಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದು, ಜುಲೈ 5ರವರೆಗೆ ಧೂಳಿರುವ ಸ್ಥಳಕ್ಕೆ ಹೋಗಬಾರದೆಂದು ವೈದ್ಯರು ಸೂಚಿಸಿರುತ್ತಾರೆ. ಆದ್ದರಿಂದ ಜುಲೈ 5ರ ನಂತರದ ದಿನಾಂಕವನ್ನು ನಿಗದಿಪಡಿಸಬೇಕೆಂದು ಕೋರುತ್ತೇನೆ.
ಲಗತ್ತು: 1. ನೋಟಿಸಿನ ಪ್ರತಿ 2. ವೈದ್ಯಕೀಯ ಪ್ರಮಾಣ ಪತ್ರದ ಪ್ರತಿ"

ಸಹಿ ನಿಮ್ಮ ತಂದೆಯದೇ ಇರಲಿ. ಜಮೀನು ಅವರದು, ನೋಟಿಸ್ ಬಂದಿರುವುದೂ ಅವರ ಹೆಸರಿಗೆ. ಅರ್ಜಿ ಕನ್ನಡದಲ್ಲಿರಲಿ, ಆದರೆ ಲಗತ್ತಿನಲ್ಲಿ ಆಸ್ಪತ್ರೆಯ ಇಂಗ್ಲಿಷ್ ಕಾಗದವನ್ನೇ ಇಡಿ. ಆಧಾರವಾಗುವುದು ಮೂಲ, ನಾವು ಮಾಡಿದ ಅನುವಾದ ಅಲ್ಲ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಮಗಳು ಹೆದರಿದ್ದು "ಪೊರೆ" ಎಂಬ ಮಾತಿಗೆ ಅಂತ ಬರೆದಿದ್ದೀರಿ. ಹಾವು ಪೊರೆ ಬಿಡುವ ಪಾಠ ಅವಳಿಗೆ ಗೊತ್ತು. ತಾತನ ಕಣ್ಣಿನ ಸಿಪ್ಪೆ ಸುಲಿದಿದ್ದಾರಾ ಅಂತ ಕೇಳಿದಳಂತೆ. ಅವಳ ಭಯಕ್ಕೆ ಕಾರಣ ಇದೆ. ನಿಜದಲ್ಲಿ ಅಲ್ಲಿ ಸುಲಿಯುವಂಥದ್ದು ಏನೂ ಇಲ್ಲ. ಕಣ್ಣೊಳಗಿನ ಮಸೂರವೇ ಮಬ್ಬಾಗಿರುತ್ತದೆ, ಅದನ್ನು ತೆಗೆದು ಬೇರೆ ಮಸೂರ ಕೂರಿಸುತ್ತಾರೆ. ಇದನ್ನು ಅವಳಿಗೆ ಹೇಳಬಹುದು. ಜೊತೆಗೆ ಅವಳು ಮಾಡೋ ಕೆಲಸವನ್ನೂ ಹೇಳಿ. ಬರೀ "ಮುಟ್ಟಬೇಡ, ಹತ್ತಬೇಡ" ಅಂದರೆ ಆರು ವರ್ಷದವಳಿಗೆ ಮತ್ತೇನು ಮಾಡಬೇಕು ಅಂತ ತೋಚೋದಿಲ್ಲ.

"ಪುಟ್ಟಿ, ತಾತನ ಕಣ್ಣೊಳಗೆ ಒಂದು ಪುಟಾಣಿ ಬಿಲ್ಲೆ ಇದೆ. ಅದು ಮಂಜು ಕವಿದ ಕಿಟಕಿ ಥರ ಆಗಿತ್ತು. ಡಾಕ್ಟರು ಅದನ್ನು ತೆಗೆದು ಹೊಸದು ಹಾಕಿದ್ದಾರೆ. ಆ ಕಣ್ಣು ಈಗ ರೆಸ್ಟ್ ಮಾಡ್ತಿದೆ. ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿರೋ ದಿನದವರೆಗೆ ತಾತ ನಿನ್ನ ಎತ್ತಿಕೊಳ್ಳೋ ಹಾಗಿಲ್ಲ. ನೀನೇ ಹೋಗಿ ಪಕ್ಕದಲ್ಲಿ ಕೂತು ಕೈ ಹಿಡ್ಕೋ. ತಾತ ಕಣ್ಣು ಉಜ್ಜಿದ್ರೆ ಬಂದು ಅಮ್ಮನಿಗೆ ಹೇಳು."

ಕೆಂಪು ಗುರುತು ಜುಲೈ 5ಕ್ಕೆ ಹಾಕಿ. "ನಾಲ್ಕು ವಾರ" ಅನ್ನೋದನ್ನು ಆ ವಯಸ್ಸಿನವರು ಎಣಿಸಲಾರರು, ದಿನಾ ಕ್ಯಾಲೆಂಡರಿನ ಒಂದೊಂದು ಮನೆಗೆ ಗೀಟು ಹಾಕಬಲ್ಲರು. "ಏನೂ ಆಗಿಲ್ಲ" ಅಂತ ಮಾತ್ರ ಹೇಳಬೇಡಿ. ಕಣ್ಣಿಗೆ ಕಟ್ಟಿದ ಪ್ಲಾಸ್ಟಿಕ್ ಕವಚ ಅವಳ ಎದುರಿಗೇ ಇದೆಯಲ್ಲ.

ಮೂರನ್ನೂ ಬರೆಯುವಾಗ ಆಸ್ಪತ್ರೆಯ ಮೂಲ ಕಾಗದ ಪಕ್ಕದಲ್ಲಿರಲಿ. ಪಾಲುದಾರರಿಗೆ ಬರೆದದ್ದನ್ನು ತಿದ್ದಿ ಮಗಳಿಗೆ, ಅದನ್ನು ತಿದ್ದಿ ಇನ್ನೊಬ್ಬರಿಗೆ ಅಂತ ಹೋದರೆ ಮಾತು ಜಾರುತ್ತದೆ. "ಕಣ್ಣಿಗೆ ನೀರು ಬೀಳದ ಹಾಗೆ ನೋಡಿಕೊಳ್ಳಿ" ಎಂಬುದು ಮೊದಲು "ತಲೆಗೆ ಸ್ನಾನ ಬೇಡ" ಆಗುತ್ತದೆ, ಆಮೇಲೆ "ಸ್ನಾನವೇ ಬೇಡ" ಆಗುತ್ತದೆ. ನಾನು ಮೂಲದಲ್ಲಿರುವ ಪ್ರತಿಯೊಂದು ಅಂಕಿಗೂ, ಪ್ರತಿಯೊಂದು "ಬೇಡ"ಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತೇನೆ. ಬರೆದು ಮುಗಿದ ಮೇಲೆ ಒಂದೊಂದನ್ನೇ ಹುಡುಕುತ್ತೇನೆ. ಅದು ಹಾಳೆಯಲ್ಲಿರಬೇಕು, ಇಲ್ಲವೇ ನಾನು ಗೊತ್ತಿದ್ದೇ ಬಿಟ್ಟಿರಬೇಕು.

ನಿಮ್ಮ ಮೂರು ಕಾಗದಗಳಲ್ಲಿ ಹಾಗೆ ಹುಡುಕಿದಾಗ ನೀರಿನ ಸಾಲೂ ಕೊನೆಯ ಸಾಲೂ ಎಲ್ಲೂ ಸಿಗೋದಿಲ್ಲ. ಅವಕ್ಕೆ ನಾಲ್ಕನೆಯ ಓದುಗರು ಬೇಕು: ಮನೆಯಲ್ಲಿ ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕುವವರು. "ಜೂನ್ 21ರವರೆಗೆ ಕಣ್ಣಿಗೆ ನೀರು ಬೀಳದ ಹಾಗೆ ನೋಡಿಕೊಳ್ಳಿ. ನೋವು ಬಂದರೆ, ಕಣ್ಣು ಕೆಂಪಾದರೆ, ನೋಟ ಮಂಜಾದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಆಸ್ಪತ್ರೆಯ ನಂಬರ್ ಹಾಕಿ, ಔಷಧಿ ಇಡುವ ಜಾಗದಲ್ಲೇ ಅಂಟಿಸಿ. ಹನಿಯ ಬಾಟಲಿಯ ಹೆಸರನ್ನು ಮಾತ್ರ ಲೇಬಲ್‌ನಲ್ಲಿ ಇರುವ ಹಾಗೆಯೇ ಬರೆಯಿರಿ.