ತನ್ನದೇ ಪ್ರತಿಧ್ವನಿಗೆ ಓಗೊಡುವ ಕ್ಯಾಲೆಂಡರ್

ಕಚೇರಿಯ ಕ್ಯಾಲೆಂಡರ್ ಔಟ್‌ಲುಕ್‌ನಲ್ಲಿ, ಮನೆಯದು ಗೂಗಲ್‌ನಲ್ಲಿ. ಎರಡರಲ್ಲೂ ಒಂದೇ ವಿವರ ಇರಲೆಂದು ನಡುವೆ ಒಂದು ತಂತ್ರಾಂಶವನ್ನು ಕೂರಿಸಿದ್ದೀರಿ ಎನ್ನೋಣ. ಮಂಗಳವಾರ 10:30ಕ್ಕಿದ್ದ ದಂತವೈದ್ಯರ ಭೇಟಿಯನ್ನು ನೀವು ಗೂಗಲ್‌ನಲ್ಲಿ 11:30ಕ್ಕೆ ಸರಿಸುತ್ತೀರಿ. ತಂತ್ರಾಂಶ ಅದನ್ನು ಕಂಡು ಔಟ್‌ಲುಕ್‌ನಲ್ಲಿಯೂ ತಿದ್ದುತ್ತದೆ. ತೊಂದರೆ ಶುರುವಾಗುವುದು ಇದರ ನಂತರ.

ಎರಡೂ ಸೇವೆಗಳು "ಕಳೆದ ಸಲ ಕೇಳಿದ ಮೇಲೆ ಏನೇನು ಬದಲಾಗಿದೆ?" ಎಂಬ ಪ್ರಶ್ನೆಗೆ ಪಟ್ಟಿ ಕೊಡುತ್ತವೆ. ಕೊನೆಗೆ ಒಂದು ಟೋಕನ್ ಕೊಟ್ಟು, ಮುಂದಿನ ಸಲ ಇದನ್ನು ತೋರಿಸಿ ಎನ್ನುತ್ತವೆ. ಆದರೆ ಬದಲಾವಣೆ ಮಾಡಿದ್ದು ಮನುಷ್ಯನೋ ಈ ತಂತ್ರಾಂಶವೋ ಎಂದು ಆ ಪಟ್ಟಿ ಬೇರ್ಪಡಿಸುವುದಿಲ್ಲ. ಹೀಗಾಗಿ ಔಟ್‌ಲುಕ್ "ಭೇಟಿ 11:30ಕ್ಕೆ ಬದಲಾಗಿದೆ" ಎಂದು ವರದಿ ಮಾಡುತ್ತದೆ. ಪೆದ್ದ ತಂತ್ರಾಂಶ ಅದನ್ನು ಮತ್ತೆ ಗೂಗಲ್‌ಗೆ ಬರೆಯುತ್ತದೆ. ಈಗ ಗೂಗಲ್ ಬದಲಾಗಿದೆ ಎನ್ನುತ್ತದೆ. ಈ ಓಡಾಟ ತಾನಾಗಿ ನಿಲ್ಲುವುದಿಲ್ಲ. ವಾರಗಟ್ಟಲೆ ಯಾರೂ ಮುಟ್ಟದ ಕಾರ್ಯಕ್ರಮದ "ಕೊನೆಯ ತಿದ್ದುಪಡಿ" ಸಮಯ ಪ್ರತಿ ಸುತ್ತಿಗೂ ಮುಂದಕ್ಕೆ ಓಡುತ್ತಿದ್ದರೆ ಇದೇ ರೋಗ.

ಬೇಗ ಹೊಳೆಯುವ ಮದ್ದು, "ಕೊನೆಗೆ ತಿದ್ದಿದ್ದೇ ಸರಿ" ಎಂಬ ನಿಯಮ. ಇದು ಕೆಟ್ಟ ಮದ್ದು. ತಂತ್ರಾಂಶದ ಬರಹಕ್ಕೂ ಸಮಯದ ಮುದ್ರೆ ಬೀಳುವುದರಿಂದ, ನೀವು ಈಗಷ್ಟೇ ಮಾಡಿದ ತಿದ್ದುಪಡಿಯನ್ನು ಅದರ ಹಳೆಯ ನಕಲು ಸೋಲಿಸಿಬಿಡಬಹುದು.

ಸರಿಯಾದ ದಾರಿ ಒಂದು ಖಾತೆ ಪುಸ್ತಕ. ಪ್ರತಿ ಕಾರ್ಯಕ್ರಮಕ್ಕೂ ಒಂದು ಸಾಲು: ಗೂಗಲ್‌ನಲ್ಲಿ ಅದರ ಗುರುತು, ಔಟ್‌ಲುಕ್‌ನಲ್ಲಿ ಅದರ ಗುರುತು, ಮತ್ತು ಎರಡೂ ಕಡೆ ಒಪ್ಪಿಗೆಯಾದಾಗ ಇದ್ದ ಶೀರ್ಷಿಕೆ, ಸಮಯ, ಸ್ಥಳ, ವಿವರಣೆಗಳಿಂದ ಲೆಕ್ಕಹಾಕಿದ ಹ್ಯಾಶ್, ಅಂದರೆ ಬೆರಳಚ್ಚು. ಬದಲಾವಣೆಯ ವರದಿ ಬಂದಾಗ ಹೊಸ ಬೆರಳಚ್ಚು ತೆಗೆದು ಸಾಲಿನೊಂದಿಗೆ ಹೋಲಿಸಬೇಕು. ಒಂದೇ ಆಗಿದ್ದರೆ ಅದು ನಮ್ಮದೇ ಪ್ರತಿಧ್ವನಿ, ಅಲ್ಲಿಗೇ ಬಿಡಬೇಕು. ಬೇರೆಯಾಗಿದ್ದರೆ ಮಾತ್ರ ಯಾರೋ ನಿಜವಾಗಿ ತಿದ್ದಿದ್ದಾರೆ. ಒಪ್ಪಿಗೆಯಾದ ವಿವರಗಳನ್ನೂ ಇಟ್ಟುಕೊಂಡರೆ ಇನ್ನೊಂದು ಲಾಭ: ಒಂದು ಕಡೆ ಶೀರ್ಷಿಕೆ, ಇನ್ನೊಂದು ಕಡೆ ಸಮಯ ಬದಲಾಗಿದ್ದರೆ ಎರಡನ್ನೂ ಉಳಿಸಿಕೊಳ್ಳಬಹುದು.

ಇಲ್ಲಿಯೂ ಒಂದು ಬಲೆ ಇದೆ, ಮತ್ತು ಹೆಚ್ಚಿನವರು ಬೀಳುವುದು ಇದರಲ್ಲೇ. ನಾವು ಕೊಟ್ಟದ್ದನ್ನು ಸೇವೆಗಳು ಕೊಟ್ಟಂತೆಯೇ ಹಿಂತಿರುಗಿಸುವುದಿಲ್ಲ. ಸರಳ ಪಠ್ಯವಾಗಿ ಕಳಿಸಿದ ವಿವರಣೆ ಔಟ್‌ಲುಕ್‌ನಿಂದ ಎಚ್‌ಟಿಎಂಎಲ್ ಹೊದಿಕೆ ಹೊದ್ದು ಬರಬಹುದು. ಮೈಕ್ರೋಸಾಫ್ಟ್‌ನ ಸೇವೆ ಬೇರೆ ಹೇಳದಿದ್ದರೆ ಯುಟಿಸಿಯಲ್ಲಿ ಸಮಯ ಕೊಡುತ್ತದೆ, ಆದ್ದರಿಂದ ನಮ್ಮ 11:30 ಅಲ್ಲಿ 06:00 ಆಗಿರುತ್ತದೆ. ಕಾಲವಲಯದ ಹೆಸರಂತೂ ಒಂದು ಕಡೆ `Asia/Kolkata`, ಹಳೆಯ ಪಟ್ಟಿಗಳಲ್ಲಿ `Asia/Calcutta`, ವಿಂಡೋಸ್‌ನಲ್ಲಿ `India Standard Time`. ಮೂರೂ ಒಂದೇ ಗಡಿಯಾರ, ಆದರೆ ಬೆರಳಚ್ಚು ಮೂರು ಬಗೆ. ಏನೂ ಬದಲಾಗದೆಯೇ ಸುತ್ತು ಮತ್ತೆ ಶುರು! ಆದ್ದರಿಂದ ಬೆರಳಚ್ಚು ತೆಗೆಯುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕಿಂತ ಭದ್ರವಾದದ್ದು, ಬರೆದ ಕೂಡಲೇ ಆ ಸೇವೆ ಮರಳಿಸಿದ ಪ್ರತಿಯ ಬೆರಳಚ್ಚನ್ನೇ ಆ ಕಡೆಯ ಲೆಕ್ಕಕ್ಕೆ ಇಟ್ಟುಕೊಳ್ಳುವುದು. ಆಗ ಗೂಗಲ್‌ನ ಪ್ರತಿಯನ್ನು ಗೂಗಲ್‌ನ ಹಿಂದಿನ ಪ್ರತಿಯೊಂದಿಗೆ, ಔಟ್‌ಲುಕ್‌ನದನ್ನು ಔಟ್‌ಲುಕ್‌ನದರೊಂದಿಗೆ ಹೋಲಿಸಿದಂತಾಗುತ್ತದೆ.

ಜೋಡಿ ನಮೂದುಗಳ ಮೂಲ ಬೇರೆ. ಹೊಸ ಕಾರ್ಯಕ್ರಮ ಸೃಷ್ಟಿಸಲು ತಂತ್ರಾಂಶ ಕೋರಿಕೆ ಕಳಿಸುತ್ತದೆ, ಗೂಗಲ್ ಸೃಷ್ಟಿಸುತ್ತದೆ, ಉತ್ತರ ಬರುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಖಾತೆಯಲ್ಲಿ ಸಾಲು ಬಿದ್ದಿಲ್ಲ, ಹಾಗಾಗಿ ಅದು ಮತ್ತೆ ಕೋರುತ್ತದೆ, ಭೇಟಿ ಎರಡಾಗುತ್ತದೆ. ಅದೃಷ್ಟಕ್ಕೆ ಗೂಗಲ್‌ನಲ್ಲಿ ಕಾರ್ಯಕ್ರಮದ ಗುರುತನ್ನು ನಾವೇ ಆರಿಸಿ ಕೊಡಬಹುದು; 0ರಿಂದ 9 ಮತ್ತು aಯಿಂದ v ವರೆಗಿನ ಅಕ್ಷರಗಳಿಗೆ ಅವಕಾಶವಿದೆ. ಔಟ್‌ಲುಕ್ ಗುರುತಿನ ಹ್ಯಾಶ್ ಅನ್ನು ಹದಿನಾರರ ಮಾನದಲ್ಲಿ ಬರೆದರೆ ಅದಕ್ಕೆ ಸರಿಹೊಂದುತ್ತದೆ. ಎರಡನೇ ಕೋರಿಕೆಗೆ ಆಗ `409` ಎಂಬ ಉತ್ತರ ಬರುತ್ತದೆ: ಇದು ಈಗಾಗಲೇ ಇದೆ. ಔಟ್‌ಲುಕ್ ಕಡೆ ಇದೇ ಕೆಲಸಕ್ಕೆ `transactionId` ಇದೆ.

ಒಂದೇ ಆಹ್ವಾನ ನಿಮ್ಮ ಎರಡೂ ವಿಳಾಸಗಳಿಗೆ ಬಂದಿದ್ದರೆ ನಕಲಿಸುವ ಅಗತ್ಯವೇ ಇಲ್ಲ. ಅದಕ್ಕೆ ಎರಡೂ ಕಡೆ ಆಹ್ವಾನದ ಗುರುತನ್ನು, ಅಂದರೆ ಗೂಗಲ್‌ನ `iCalUID` ಮತ್ತು ಔಟ್‌ಲುಕ್‌ನ `iCalUId` ಅನ್ನು ನೋಡಬೇಕು. ಆದರೆ ಗೂಗಲ್‌ನಲ್ಲಿ ವಾರವಾರ ಮರುಕಳಿಸುವ ಸಭೆಯ ಎಲ್ಲ ದಿನಗಳಿಗೂ ಅದು ಒಂದೇ ಆಗಿರುವುದರಿಂದ, ಮೂಲ ಆರಂಭದ ಸಮಯವನ್ನೂ ಜೊತೆಗೆ ಸೇರಿಸಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅನಾಹುತ ಟೋಕನ್ ಹಳತಾದಾಗ ಆಗುತ್ತದೆ. ಗೂಗಲ್ `410` ಎಂದು ಉತ್ತರಿಸಿ, ಸಂಗ್ರಹ ಅಳಿಸಿ ಮೊದಲಿನಿಂದ ಎಲ್ಲವನ್ನೂ ತರಿಸಿಕೊಳ್ಳಿ ಎನ್ನುತ್ತದೆ. ಅಳಿಸಬೇಕಾದದ್ದು ಗೂಗಲ್‌ನಿಂದ ತಂದ ಕಾರ್ಯಕ್ರಮಗಳ ಪ್ರತಿ ಮಾತ್ರ. ಆತುರದಲ್ಲಿ ಖಾತೆ ಪುಸ್ತಕವನ್ನೂ ಅಳಿಸಿದರೆ ತಂತ್ರಾಂಶಕ್ಕೆ ಎಲ್ಲವೂ ಹೊಸದಾಗಿ ಕಾಣುತ್ತದೆ, ಇಡೀ ಕ್ಯಾಲೆಂಡರ್ ಒಮ್ಮೆಲೇ ಇಮ್ಮಡಿಯಾಗುತ್ತದೆ. ಅದಕ್ಕಾಗಿಯೇ ಜಾಣರು ಗೂಗಲ್‌ಗೆ ನಕಲಿಸಿದ ಪ್ರತಿ ಕಾರ್ಯಕ್ರಮದ ಒಳಗೂ ಕಣ್ಣಿಗೆ ಕಾಣದ `extendedProperties.private` ಕ್ಷೇತ್ರದಲ್ಲಿ ಮೂಲದ ಗುರುತನ್ನು ಬರೆದಿಡುತ್ತಾರೆ. ಖಾತೆ ಕಳೆದುಹೋದರೂ ಅದನ್ನು ಓದಿ ಸಾಲುಸಾಲಾಗಿ ಮತ್ತೆ ಕಟ್ಟಬಹುದು.